ಪೊಟ್ಟಣದ ಮೊಸರು, ಪನೀರ್ ಮತ್ತು ಬೆಣ್ಣೆ: ಆರಿಸಿಕೊಳ್ಳುವ ಬಗೆ

ಊರಿನ ಮನೆಗಳಲ್ಲಿ ಮೊಸರು ಕೊಂಡು ತರುವ ಪದಾರ್ಥವಾಗಿರಲಿಲ್ಲ. ರಾತ್ರಿ ಕಾಯಿಸಿದ ಹಾಲು ಉಗುರುಬೆಚ್ಚಗಾದಾಗ ಹೆಪ್ಪು ಹಾಕಿಟ್ಟರೆ ಬೆಳಗಿಗೆ ಮೊಸರು ಸಿದ್ಧವಾಗುತ್ತಿತ್ತು. ಅದನ್ನು ಕಡೆದರೆ ಬೆಣ್ಣೆ ದೊರೆಯುತ್ತಿತ್ತು. ಪನೀರ್ ಮಾತ್ರ ನಮ್ಮ ಅಡಿಗೆಮನೆಗೆ ತಡವಾಗಿ ಬಂದದ್ದು. ಮುಂಬಯಿಯಂಥ ನಗರಕ್ಕೆ ಬಂದು ನೆಲೆಸಿದ ಬಳಿಕ, ಗಂಡಹೆಂಡಿರಿಬ್ಬರೂ ದುಡಿಯುವ ಮನೆಗಳಲ್ಲಿ, ಈ ಮೂರೂ ಅಂಗಡಿಯ ತಣ್ಣನೆಯ ಪೆಟ್ಟಿಗೆಯಿಂದಲೇ ಬರುತ್ತವೆ. ಹಾಲು ಎಲ್ಲಿಯದು, ಎಂದು ಹೆಪ್ಪುಗೊಂಡಿತು, ದಾರಿಯಲ್ಲಿ ಎಷ್ಟು ಹೊತ್ತು ಬಿಸಿಲಿನಲ್ಲಿತ್ತು ಎಂಬುದನ್ನು ಕಣ್ಣಾರೆ ಕಾಣುವ ಅವಕಾಶ ನಮಗಿಲ್ಲ. ಪೊಟ್ಟಣದ ಮೇಲಿನ ಬರಹ ಮತ್ತು ಪೊಟ್ಟಣದ ಸ್ಥಿತಿ, ಇವೆರಡೇ ನಮಗೆ ಉಳಿದಿರುವ ಸಾಕ್ಷಿಗಳು. ಅವುಗಳನ್ನು ಓದುವುದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ. ಈ ಮೂರು ಪದಾರ್ಥಗಳೂ ಹಾಲಿನಿಂದಲೇ ಆದವುಗಳಾದರೂ ಅವುಗಳಲ್ಲಿರುವ ನೀರಿನ ಪ್ರಮಾಣ ಬೇರೆ ಬೇರೆ. ಮೊಸರಿನಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಭಾಗ ನೀರು. ಪನೀರಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರು. ಬೆಣ್ಣೆಯಲ್ಲಿ ಅದು ನೂರಕ್ಕೆ 16ನ್ನು ಮೀರಕೂಡದೆಂದು ನಿಯಮವಿದೆ. ಸೂಕ್ಷ್ಮಾಣುಗಳು ಬದುಕುವುದೂ ವೃದ್ಧಿಯಾಗುವುದೂ ನೀರಿನಲ್ಲಿ. ನೀರು ಎಷ್ಟಿದೆ, ಆ ನೀರಿಗೆ ಯಾವ ಕಾವಲಿದೆ ಎಂದು ಕೇಳಿಕೊಂಡರೆ ಕೊಬ್ಬಿನ ಲೆಕ್ಕ, ಸೇರಿಸಿದ ವಸ್ತುಗಳ ಅರ್ಥ, ತಂಪಿನ ಅಗತ್ಯ ಈ ಮೂರಕ್ಕೂ ಉತ್ತರ ದೊರೆಯುತ್ತದೆ.

ಕೊಬ್ಬಿನ ಲೆಕ್ಕ

ಮೊಸರಿನಿಂದ ಆರಂಭಿಸೋಣ. ಮೊಸರಿನ ಕೊಬ್ಬು ಅದನ್ನು ಮಾಡಿದ ಹಾಲಿನ ಕೊಬ್ಬೇ ಆಗಿರುತ್ತದೆ. ಯಾವ ಹಾಲಿನಿಂದ ಮಾಡಿದ್ದೋ ಆ ಹಾಲಿಗೆ ವಿಧಿಸಿರುವ ಕನಿಷ್ಠ ಕೊಬ್ಬು ಮೊಸರಿನಲ್ಲೂ ಇರಬೇಕೆಂಬುದು ನಮ್ಮ ದೇಶದ ಆಹಾರ ನಿಯಮ. ಡಬಲ್ ಟೋನ್ಡ್ ಹಾಲಿನಲ್ಲಿ ನೂರಕ್ಕೆ ಒಂದೂವರೆ ಭಾಗ, ಟೋನ್ಡ್ ಹಾಲಿನಲ್ಲಿ 3 ಭಾಗ, ಫುಲ್ ಕ್ರೀಮ್ ಹಾಲಿನಲ್ಲಿ 6 ಭಾಗ ಕೊಬ್ಬು ಇರಬೇಕು. ಹೀಗಾಗಿ ಪೊಟ್ಟಣದ ಹಿಂಬದಿಯಲ್ಲಿರುವ ಪೋಷಕಾಂಶಗಳ ಪಟ್ಟಿಯಲ್ಲಿ 100 ಗ್ರಾಮಿಗೆ 3 ಗ್ರಾಂ ಕೊಬ್ಬು ಎಂದಿದ್ದರೆ ಅದು ಟೋನ್ಡ್ ಹಾಲಿನ ಮೊಸರೆಂದು ತಿಳಿಯಬಹುದು.

ಇದರಿಂದ ಆಗುವ ವ್ಯತ್ಯಾಸವನ್ನು ಒಂದು ಉದಾಹರಣೆಯಿಂದ ನೋಡೋಣ. ಒಬ್ಬರು ದಿನಕ್ಕೆ ಎರಡು ಹೊತ್ತಿನ ಮೊಸರನ್ನಕ್ಕೆ 200 ಗ್ರಾಂ ಮೊಸರನ್ನು ಬಳಸುತ್ತಾರೆನ್ನಿ. ಟೋನ್ಡ್ ಹಾಲಿನ ಮೊಸರಾದರೆ ಅವರ ಹೊಟ್ಟೆಗೆ 6 ಗ್ರಾಂ ಕೊಬ್ಬು ಸೇರುತ್ತದೆ. ಫುಲ್ ಕ್ರೀಮ್ ಮೊಸರಾದರೆ 12 ಗ್ರಾಂ. ದಿನಕ್ಕೆ 6 ಗ್ರಾಮಿನ ಈ ವ್ಯತ್ಯಾಸ ತಿಂಗಳಿಗೆ 180 ಗ್ರಾಂ ಆಗುತ್ತದೆ. ಬೆಳೆಯುವ ಮಗುವಿಗೆ ಇದು ಹೊರೆಯಲ್ಲ. ಹೃದ್ರೋಗಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವ ತಂದೆಯವರಿಗೆ ಇದು ಲೆಕ್ಕಕ್ಕೆ ಬರುವ ಮೊತ್ತ. ಒಂದೇ ಮನೆಯಲ್ಲಿ ಎರಡು ಬಗೆಯ ಮೊಸರು ತರುವುದು ಕಷ್ಟವೆನ್ನುವವರು ಟೋನ್ಡ್ ಹಾಲಿನ ಮೊಸರನ್ನೇ ತಂದು ಮಗುವಿನ ಅನ್ನಕ್ಕೆ ಒಂದು ಚಮಚ ತುಪ್ಪ ಬೆರೆಸಬಹುದು.

ಪನೀರಿನ ವಿಷಯದಲ್ಲಿ ಓದುಗರು ದಾರಿ ತಪ್ಪುವ ಸಂಭವ ಹೆಚ್ಚು. ಕೆಲವು ಪೊಟ್ಟಣಗಳ ಮೇಲೆ ಕೊಬ್ಬು ಶೇಕಡ 50 ಎಂದು ಮುದ್ರಿತವಾಗಿರುತ್ತದೆ. ಅದನ್ನು ಕಂಡು ಅರ್ಧಕ್ಕರ್ಧ ಕೊಬ್ಬೇ ಇದೆಯೆಂದು ಗಾಬರಿಪಡುವವರುಂಟು. ಆ ಅಂಕಿ ಇಡೀ ಪನೀರಿಗೆ ಸಂಬಂಧಿಸಿದ್ದಲ್ಲ. ನೀರನ್ನೆಲ್ಲ ತೆಗೆದುಹಾಕಿದ ಮೇಲೆ ಉಳಿಯುವ ಒಣ ಭಾಗದಲ್ಲಿ ಕೊಬ್ಬಿನ ಪಾಲು ಎಷ್ಟೆಂಬುದನ್ನು ಅದು ಹೇಳುತ್ತದೆ. ಪನೀರ್ ಎಂಬ ಹೆಸರಿನಿಂದ ಮಾರಬೇಕಾದರೆ ಒಣ ಭಾಗದಲ್ಲಿ ಕನಿಷ್ಠ ಅರ್ಧದಷ್ಟು ಹಾಲಿನ ಕೊಬ್ಬು ಇರಬೇಕೆಂದು ನಿಯಮವಿದೆ. 200 ಗ್ರಾಮಿನ ಒಂದು ಪೊಟ್ಟಣದಲ್ಲಿ ನೂರಕ್ಕೆ 55 ಭಾಗ ನೀರಿದೆಯೆಂದು ಇಟ್ಟುಕೊಳ್ಳೋಣ. ಆಗ 110 ಗ್ರಾಂ ನೀರು ಹೋಗಿ 90 ಗ್ರಾಂ ಒಣ ಭಾಗ ಉಳಿಯುತ್ತದೆ. ಅದರ ಅರ್ಧ ಎಂದರೆ 45 ಗ್ರಾಂ ಕೊಬ್ಬು. ಅರ್ಥಾತ್ ಆ ಪನೀರಿನ 100 ಗ್ರಾಮಿನಲ್ಲಿರುವುದು 22.5 ಗ್ರಾಂ ಕೊಬ್ಬು. ಹಿಂಬದಿಯ ಪಟ್ಟಿಯಲ್ಲಿ 100 ಗ್ರಾಮಿಗೆ ಇಷ್ಟೆಂದು ಕೊಟ್ಟಿರುವ ಅಂಕಿಯನ್ನೇ ನೋಡುವ ಅಭ್ಯಾಸ ಇಟ್ಟುಕೊಂಡರೆ ಈ ಗೊಂದಲಕ್ಕೆ ಎಡೆಯಿರುವುದಿಲ್ಲ.

ಹಾಗೆಂದು ಪನೀರ್ ಹಗುರವಾದ ಆಹಾರವೆಂದು ಭಾವಿಸಬಾರದು. ಒಂದು ಹೊತ್ತಿನ ಪಲ್ಯಕ್ಕೆ ಒಬ್ಬರ ಪಾಲಿಗೆ 75 ಗ್ರಾಂ ಪನೀರ್ ಬಂದರೆ ಸುಮಾರು 17 ಗ್ರಾಂ ಕೊಬ್ಬು ಬಂದಂತಾಯಿತು. ಟೋನ್ಡ್ ಹಾಲಿನ ಮೊಸರಿನಲ್ಲಿ ಅಷ್ಟು ಕೊಬ್ಬು ಸಿಗಬೇಕಾದರೆ ಅರ್ಧ ಕಿಲೋವಿಗಿಂತ ಹೆಚ್ಚು ತಿನ್ನಬೇಕು. ಕೊಬ್ಬು ಕಡಿಮೆಯಿರಬೇಕೆನ್ನುವವರಿಗೆ ‘ಲೋ ಫ್ಯಾಟ್’ ಪನೀರ್ ದೊರೆಯುತ್ತದೆ. ಅದು ಸ್ವಲ್ಪ ಗಟ್ಟಿ, ಬಾಯಿಗೆ ರಬ್ಬರಿನಂತೆ ತೋರಬಹುದು. ಕೊಬ್ಬು ಕಡಿಮೆಯಾದುದರಿಂದ ಮೆದುತನ ಹೋಗಿದೆಯೇ ಹೊರತು ಪನೀರ್ ಕೆಟ್ಟಿದೆಯೆಂದಲ್ಲ. ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು ಬಳಸಿದರೆ ತಕ್ಕಮಟ್ಟಿಗೆ ಮೆತ್ತಗಾಗುತ್ತದೆ.

ಬೆಣ್ಣೆಯ ಲೆಕ್ಕ ಸರಳ. ‘ಟೇಬಲ್ ಬಟರ್’ ಎಂದು ಮಾರುವ ಬೆಣ್ಣೆಯಲ್ಲಿ ನೂರಕ್ಕೆ 80 ಭಾಗ ಹಾಲಿನ ಕೊಬ್ಬು ಇರಲೇಬೇಕು. ಹತ್ತು ಗ್ರಾಂ ಬೆಣ್ಣೆ ಸವರಿದರೆ 8 ಗ್ರಾಂ ಕೊಬ್ಬು, ಅದರಲ್ಲಿ 5 ಗ್ರಾಮಿನಷ್ಟು ಸಂತೃಪ್ತ ಕೊಬ್ಬು. ಕೊಬ್ಬು ಕಡಿಮೆಯಿರುವ ‘ಬೆಣ್ಣೆ’ ಎಂಬುದು ಇರಲಾರದು. ಅಂಥ ಡಬ್ಬಗಳ ಮೇಲೆ ‘ಸ್ಪ್ರೆಡ್’ ಎಂಬ ಪದವಿರುತ್ತದೆ. ಹಾಲಿನ ಕೊಬ್ಬಿನ ಸ್ಪ್ರೆಡ್ ಬೇರೆ, ಸಸ್ಯಜನ್ಯ ಎಣ್ಣೆಯ ಸ್ಪ್ರೆಡ್ ಬೇರೆ, ಎರಡನ್ನೂ ಬೆರೆಸಿದ್ದು ಬೇರೆ. ಡಬ್ಬದ ಬಣ್ಣ, ಹಸುವಿನ ಚಿತ್ರ ಇವುಗಳಿಂದ ತೀರ್ಮಾನಿಸದೆ ಆ ಒಂದು ಪದವನ್ನು ಹುಡುಕಬೇಕು.

ಒಳಗೆ ಏನೇನು ಸೇರಿದೆ?

ಪೊಟ್ಟಣದ ಮೇಲೆ ಒಳಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂದಿದೆ. ಯಾವುದು ಹೆಚ್ಚಿದೆಯೋ ಅದು ಮೊದಲು. ಈ ಒಂದು ನಿಯಮ ತಿಳಿದವರಿಗೆ ಪಟ್ಟಿಯ ಮೊದಲ ಎರಡು ಮೂರು ಪದಗಳೇ ಬಹಳಷ್ಟನ್ನು ಹೇಳಿಬಿಡುತ್ತವೆ.

ಸಾದಾ ಮೊಸರಿಗೆ ಬೇಕಾದುದು ಹಾಲು ಮತ್ತು ಹೆಪ್ಪು. ಗಟ್ಟಿಯಾಗಲೆಂದು ಹಾಲಿನ ಪುಡಿಯನ್ನು ಸೇರಿಸುವುದುಂಟು. ಅದೂ ಹಾಲೇ ಆದುದರಿಂದ ಆಕ್ಷೇಪಣೆಗೆ ಕಾರಣವಿಲ್ಲ. ಹಣ್ಣಿನ ಸ್ವಾದದ ಮೊಸರುಗಳಲ್ಲಿ ಸಕ್ಕರೆಯೊಂದಿಗೆ ಪಿಷ್ಟ, ಪೆಕ್ಟಿನ್, ಕೆಲವೊಮ್ಮೆ ಜೆಲಟಿನ್ ಇರುತ್ತವೆ. ಇವು ನೀರು ಬೇರ್ಪಡದಂತೆ ಹಿಡಿದಿಡುವ ವಸ್ತುಗಳು. ಜೆಲಟಿನ್ ಪ್ರಾಣಿಮೂಲದ್ದು. ಸಸ್ಯಾಹಾರಿಗಳು ಹಸಿರು ಚುಕ್ಕೆಯ ಗುರುತು ಇದೆಯೇ ಎಂದು ನೋಡಿ ಕೊಳ್ಳಬೇಕು. ಮಧುಮೇಹದವರು ‘ಆಡೆಡ್ ಶುಗರ್’, ಅಂದರೆ ಹೊರಗಿನಿಂದ ಸೇರಿಸಿದ ಸಕ್ಕರೆ, ಎಂಬ ಸಾಲನ್ನು ಓದಬೇಕು. ಸಾದಾ ಮೊಸರಿನಲ್ಲಿ ಕಾಣುವ ನಾಲ್ಕೈದು ಗ್ರಾಂ ಸಕ್ಕರೆ ಹಾಲಿನದೇ ಆದ ಸಕ್ಕರೆ. ಅದು ಬೇರೆ ವಿಷಯ.

ಮೊಸರಿನ ಹೆಸರಿನ ಬಗ್ಗೆಯೂ ಒಂದು ಮಾತು. 2023ರ ಮಾರ್ಚ್ ತಿಂಗಳಿನಲ್ಲಿ ಪೊಟ್ಟಣಗಳ ಮೇಲೆ ‘ದಹಿ’ ಎಂಬ ಪದವನ್ನು ಮುಂದು ಮಾಡಬೇಕೆಂದು ಹೊರಟ ಸೂಚನೆಗೆ ದಕ್ಷಿಣದ ರಾಜ್ಯಗಳಲ್ಲಿ ವಿರೋಧ ಬಂದು, ಅದೇ ತಿಂಗಳ ಕೊನೆಗೆ ಅದನ್ನು ತಿದ್ದಲಾಯಿತು. ಈಗ ‘ಕರ್ಡ್’ ಎಂಬ ಪದದ ಜೊತೆಗೆ ಮೊಸರು, ತಯಿರ್, ಪೆರುಗು ಮುಂತಾದ ಪ್ರಾದೇಶಿಕ ಹೆಸರನ್ನು ಬರೆಯಬಹುದು. ಹೆಸರು ಯಾವುದಾದರೂ ನಿಯಮ ಒಂದೇ. ಹೈದರಾಬಾದಿನ ಪೆರುಗಿನ ಪೊಟ್ಟಣವನ್ನೂ ಮದರಾಸಿನ ತಯಿರಿನ ಪೊಟ್ಟಣವನ್ನೂ ಓದುವ ಕ್ರಮದಲ್ಲಿ ವ್ಯತ್ಯಾಸವಿಲ್ಲ.

ಹೆಪ್ಪುಗೊಂಡ ನಂತರ ಮತ್ತೆ ಬಿಸಿ ಮಾಡಿ ಬಾಳಿಕೆ ಹೆಚ್ಚಿಸಿದ ಉತ್ಪನ್ನಗಳೂ ಇವೆ. ಅವು ರುಚಿಯಲ್ಲಿ ಮೊಸರೇ. ಆದರೆ ಅವುಗಳಲ್ಲಿ ಜೀವಂತ ಹೆಪ್ಪು ಉಳಿದಿರುವುದಿಲ್ಲ. ಪರೀಕ್ಷೆ ಮನೆಯಲ್ಲೇ ಸಾಧ್ಯ. ಉಗುರುಬೆಚ್ಚಗಿನ ಹಾಲಿಗೆ ಆ ಮೊಸರಿನ ಒಂದು ಚಮಚ ಹಾಕಿಟ್ಟು ನೋಡಿರಿ. ಬೆಳಗಿಗೆ ಹಾಲು ಹಾಲಾಗಿಯೇ ಉಳಿದಿದ್ದರೆ ಆ ಹೆಪ್ಪಿಗೆ ಜೀವವಿರಲಿಲ್ಲ.

ಪನೀರಿನ ಪಟ್ಟಿಯಲ್ಲಿ ಹಾಲಿನ ಜೊತೆಗೆ ಹಾಲನ್ನು ಒಡೆಯಲು ಬಳಸಿದ ಸಿಟ್ರಿಕ್ ಆಮ್ಲದಂಥ ಹುಳಿಯ ಹೆಸರಿರುತ್ತದೆ. ಮನೆಯಲ್ಲಿ ನಾವು ಹಿಂಡುವ ನಿಂಬೆಹಣ್ಣಿನಲ್ಲಿರುವುದೂ ಅದೇ ಆಮ್ಲ. ಕೆಲವು ಪೊಟ್ಟಣಗಳಲ್ಲಿ ಸಾರ್ಬಿಕ್ ಆಮ್ಲ ಅಥವಾ ಅದರ ಲವಣ ಇರುತ್ತದೆ. ಪೊಟ್ಟಣದ ಮೇಲೆ ಇವು 200, 202 ಎಂಬ ಅಂಕಿಗಳಾಗಿ ಕಾಣಬಹುದು. ಇವು ಬೂಷ್ಟನ್ನು ತಡೆಯುವ ಸಂರಕ್ಷಕಗಳು. ಮಿತಿಯೊಳಗೆ ಇವುಗಳಿಂದ ಹಾನಿಯಿಲ್ಲ. ಆದರೆ ಸಂರಕ್ಷಕವಿದೆಯೆಂದು ಪನೀರನ್ನು ಹೊರಗಿಡುವ ಧೈರ್ಯ ಮಾಡಬಾರದು. ಅವು ಬೂಷ್ಟನ್ನೂ ಯೀಸ್ಟನ್ನೂ ತಡೆದಷ್ಟು ಚೆನ್ನಾಗಿ ಎಲ್ಲ ಬ್ಯಾಕ್ಟೀರಿಯಗಳನ್ನೂ ತಡೆಯಲಾರವು.

ಪಟ್ಟಿಯಲ್ಲಿ ಸಸ್ಯಜನ್ಯ ಎಣ್ಣೆ, ತಾಳೆ ಎಣ್ಣೆ ಅಥವಾ ಪಿಷ್ಟ ಕಂಡುಬಂದರೆ ಅದು ಪನೀರಲ್ಲ, ಪನೀರಿನಂತೆ ಕಾಣುವ ಬೇರೊಂದು ವಸ್ತು. ಹಾಲಿನ ಅಂಶದ ಬದಲಿಗೆ ಬೇರೆಯದನ್ನು ಸೇರಿಸಿ ಮಾಡಿದ ಇಂಥವುಗಳನ್ನು ‘ಅನಲಾಗ್’ ಎಂದು ಕರೆಯುತ್ತಾರೆ. ಪೋಷಕಾಂಶಗಳ ಪಟ್ಟಿಯೂ ಗುಟ್ಟನ್ನು ಬಿಟ್ಟುಕೊಡುತ್ತದೆ. ನಿಜವಾದ ಪನೀರಿನ 100 ಗ್ರಾಮಿನಲ್ಲಿ 18 ಗ್ರಾಮಿನ ಆಸುಪಾಸು ಪ್ರೋಟೀನ್ ಇರುತ್ತದೆ. ಶರ್ಕರಪಿಷ್ಟ ಕೆಲವೇ ಗ್ರಾಂ. ಪ್ರೋಟೀನ್ ಅರ್ಧಕ್ಕಿಳಿದು ಶರ್ಕರಪಿಷ್ಟ ಏರಿದ್ದರೆ ಸಂಶಯಪಡಬೇಕು.

ಪೊಟ್ಟಣವಿಲ್ಲದೆ ಬಿಡಿಯಾಗಿ ಕೊಂಡ ಪನೀರಿಗೆ ಒಂದು ಸುಲಭ ಪರೀಕ್ಷೆಯಿದೆ. ಚಿಕ್ಕ ತುಂಡನ್ನು ನೀರಿನಲ್ಲಿ ಕುದಿಸಿ, ಪೂರ್ತಿಯಾಗಿ ಆರಿದ ಮೇಲೆ ಎರಡು ಮೂರು ಹನಿ ಟಿಂಕ್ಚರ್ ಅಯೊಡಿನ್ ಹಾಕಬೇಕು. ನೀಲಿ ಬಣ್ಣ ಬಂದರೆ ಪಿಷ್ಟ ಸೇರಿದೆ. ಬಿಸಿಯಾಗಿರುವಾಗ ಹಾಕಿದರೆ ಬಣ್ಣ ಸರಿಯಾಗಿ ತೋರದು. ಈ ಪರೀಕ್ಷೆಗೊಂದು ಮಿತಿಯಿದೆ. ಇದು ಪಿಷ್ಟವನ್ನು ಮಾತ್ರ ತೋರಿಸುತ್ತದೆ. ಎಣ್ಣೆ ಬೆರೆಸಿದ್ದನ್ನು ಕಂಡುಹಿಡಿಯಲು ಪ್ರಯೋಗಶಾಲೆಯೇ ಬೇಕು. ಆದುದರಿಂದ ನೀಲಿ ಬರಲಿಲ್ಲವೆಂದ ಮಾತ್ರಕ್ಕೆ ಪನೀರ್ ಶುದ್ಧವೆಂದು ಹೇಳಲಾಗದು.

ಬೆಣ್ಣೆಯಲ್ಲಿ ಸೇರುವುದು ಮುಖ್ಯವಾಗಿ ಉಪ್ಪು ಮತ್ತು ಬಣ್ಣ. ಬಣ್ಣ ಸಾಮಾನ್ಯವಾಗಿ ಅನಾಟೊ ಎಂಬ ಬೀಜದ್ದು ಅಥವಾ ಕ್ಯಾರೊಟಿನ್. ಹಳದಿಯಾಗಿದೆಯೆಂದು ಹಸುವಿನ ಬೆಣ್ಣೆಯೆಂದೂ ಬಿಳಿಯಾಗಿದೆಯೆಂದು ಎಮ್ಮೆಯದೆಂದೂ ನಿರ್ಣಯಿಸುವ ಕಾಲ ಇದಲ್ಲ. ಉಪ್ಪು ನೂರಕ್ಕೆ 3 ಭಾಗವನ್ನು ಮೀರಬಾರದು. ರಕ್ತದೊತ್ತಡದವರು ಉಪ್ಪಿಲ್ಲದ ಬೆಣ್ಣೆಯನ್ನು ಕೊಳ್ಳುವುದು ಸರಿ. ಆದರೆ ಆ ಬೆಣ್ಣೆಗೆ ತಂಪಿನ ಕಾವಲು ಹೆಚ್ಚು ಬೇಕು. ಅದಕ್ಕೆ ಕಾರಣವನ್ನು ಮುಂದೆ ನೋಡೋಣ.

ತಂಪು ಯಾರಿಗೆ ಎಷ್ಟು ಬೇಕು?

ಮೂರನ್ನೂ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಡಬೇಕೆಂದು ಸಾಮಾನ್ಯವಾಗಿ ಮುದ್ರಿಸಿರುತ್ತಾರೆ. ಆದರೆ ತಂಪು ತಪ್ಪಿದಾಗ ಮೂರೂ ಒಂದೇ ರೀತಿಯಲ್ಲಿ ಕೆಡುವುದಿಲ್ಲ.

ಮೊಸರಿನಲ್ಲಿ ನೀರು ಅತಿ ಹೆಚ್ಚು. ಆದರೆ ಅದಕ್ಕೆ ಹುಳಿಯ ಕಾವಲಿದೆ. ಹೆಪ್ಪಿನ ಬ್ಯಾಕ್ಟೀರಿಯಗಳು ಉತ್ಪಾದಿಸಿದ ಆಮ್ಲದಲ್ಲಿ ರೋಗಕಾರಕ ಸೂಕ್ಷ್ಮಾಣುಗಳು ಸುಲಭವಾಗಿ ಬೆಳೆಯಲಾರವು. ಹೊರಗೆ ಉಳಿದ ಮೊಸರು ಮೊದಲು ಹುಳಿಯಾಗುತ್ತದೆ, ಬಳಿಕ ನೀರು ಬಿಡುತ್ತದೆ. ಹುಳಿಗೆ ಅಂಜದ ಯೀಸ್ಟ್ ಮತ್ತು ಬೂಷ್ಟು ಕೊನೆಗೆ ಅದನ್ನು ಕೆಡಿಸುತ್ತವೆ. ಯೀಸ್ಟ್ ಅನಿಲವನ್ನು ಬಿಡುವುದರಿಂದ ಮೊಸರಿನ ಪೊಟ್ಟಣ ಉಬ್ಬುತ್ತದೆ, ಡಬ್ಬದ ಮುಚ್ಚಳ ಗುಮ್ಮಟದಂತೆ ಮೇಲೇಳುತ್ತದೆ. ಮೇಲೆ ಸ್ವಲ್ಪ ತಿಳಿನೀರು ನಿಂತಿದ್ದರೆ ಅಂಜಬೇಕಾಗಿಲ್ಲ, ಸಾಗಣೆಯ ಕುಲುಕಾಟಕ್ಕೂ ಹಾಗಾಗುತ್ತದೆ. ಉಬ್ಬಿದ ಪೊಟ್ಟಣ, ಗುಳ್ಳೆಗಳು, ಹೆಂಡದಂಥ ವಾಸನೆ ಇವುಗಳಲ್ಲಿ ಯಾವುದೊಂದು ಕಂಡರೂ ಹಿಂದಿರುಗಿಸಬೇಕು.

ಪನೀರಿನ ಸ್ಥಿತಿ ಬೇರೆ. ಅದರಲ್ಲಿ ಅರ್ಧ ನೀರು, ಧಾರಾಳವಾಗಿ ಪ್ರೋಟೀನ್. ಆದರೆ ಹುಳಿ ಬಹಳ ಕಡಿಮೆ, ಉಪ್ಪು ಇಲ್ಲ. ಹಾಲನ್ನು ಕಾಯಿಸಿ ಒಡೆಸಿದ ಮೇಲೆ ಅದನ್ನು ಒತ್ತುತ್ತಾರೆ, ಕತ್ತರಿಸುತ್ತಾರೆ, ತಣ್ಣೀರಿನಲ್ಲಿ ಮುಳುಗಿಸುತ್ತಾರೆ. ಕಾಯಿಸಿದಾಗ ಸತ್ತ ಸೂಕ್ಷ್ಮಾಣುಗಳ ಜಾಗಕ್ಕೆ ಕೈ, ಬಟ್ಟೆ, ಚೂರಿ, ನೀರುಗಳಿಂದ ಹೊಸವು ಬಂದು ಮೇಲ್ಮೈಯಲ್ಲಿ ಕೂಡುತ್ತವೆ. ಅದಕ್ಕಿರುವ ಕಾವಲು ತಂಪೊಂದೇ. ಸಾಮಾನ್ಯ ಪನೀರ್ ಸುಮಾರು 10 ಡಿಗ್ರಿಯಲ್ಲಿ ಆರು ದಿನಗಳಷ್ಟು ಬಾಳಿದರೆ ಕೋಣೆಯ ಉಷ್ಣಮಾನದಲ್ಲಿ ಒಂದು ದಿನವೂ ನಿಲ್ಲುವುದು ಕಷ್ಟ. ಗಾಳಿ ತೆಗೆದು ಬಿಗಿಯಾಗಿ ಕಟ್ಟಿದ ಪೊಟ್ಟಣಗಳು ಇನ್ನೂ ಹೆಚ್ಚು ದಿನ ಬಾಳುತ್ತವೆ, ಆದರೆ ತಂಪು ಇದ್ದರೆ ಮಾತ್ರ. ಕೆಟ್ಟ ಪನೀರಿನ ಗುರುತುಗಳು ಮೇಲ್ಮೈಯಲ್ಲೇ ಕಾಣುತ್ತವೆ: ಲೋಳೆ, ಹಳದಿಯ ಕಲೆ, ಹುಳಿವಾಸನೆ, ಪೊಟ್ಟಣದೊಳಗೆ ಹಾಲಿನಂತೆ ಮಂಕಾದ ನೀರು. ಬಿಗಿಯಾಗಿರಬೇಕಾದ ಹಾಳೆ ಸಡಿಲವಾಗಿದ್ದರೆ ಗಾಳಿ ಹೊಕ್ಕಿದೆ ಅಥವಾ ಒಳಗೆ ಅನಿಲ ಹುಟ್ಟಿದೆ ಎಂದರ್ಥ.

ಬೆಣ್ಣೆಯಲ್ಲಿರುವ ಅಲ್ಪ ನೀರು ಕೊಬ್ಬಿನ ನಡುವೆ ಅತಿ ಸಣ್ಣ ಹನಿಗಳಾಗಿ ಹರಡಿಕೊಂಡಿರುತ್ತದೆ. ಉಪ್ಪು ಕೊಬ್ಬಿನಲ್ಲಿ ಕರಗದ ಕಾರಣ ಅಷ್ಟೂ ಈ ಹನಿಗಳಿಗೇ ಸೇರುತ್ತದೆ. 100 ಗ್ರಾಂ ಬೆಣ್ಣೆಯಲ್ಲಿ 2 ಗ್ರಾಂ ಉಪ್ಪಿದ್ದು 16 ಗ್ರಾಂ ನೀರಿದ್ದರೆ ಆ ಹನಿ ಸಮುದ್ರದ ನೀರಿಗಿಂತ ಮೂರು ಪಟ್ಟು ಉಪ್ಪಾಗಿರುತ್ತದೆ. ಅಂಥ ಹನಿಯಲ್ಲಿ ಸೂಕ್ಷ್ಮಾಣುಗಳಿಗೆ ಬಾಳುವೆಯಿಲ್ಲ. ಉಪ್ಪಿಲ್ಲದ ಬಿಳಿ ಬೆಣ್ಣೆಗೆ ಈ ರಕ್ಷಣೆಯಿಲ್ಲ. ಅದರಲ್ಲಿ ಮಜ್ಜಿಗೆಯ ಹನಿಗಳು ಕಣ್ಣಿಗೆ ಕಾಣುವಂತಿದ್ದರೆ ಅದು ಇನ್ನೂ ಬೇಗ ಕೆಡುತ್ತದೆ. ಉಪ್ಪಿನ ಬೆಣ್ಣೆಗೆ ನಿಜವಾದ ಶತ್ರುಗಳು ಗಾಳಿ, ಬೆಳಕು ಮತ್ತು ಶಾಖ. ಇವು ಕೊಬ್ಬನ್ನು ಕಮಟಾಗಿಸುತ್ತವೆ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಬೆಣ್ಣೆಯನ್ನು ಗುರುತಿಸುವುದು ಕಷ್ಟವಲ್ಲ. ಅದರ ಅಂಚುಗಳು ಚೂಪಾಗಿರದೆ ದುಂಡಾಗಿರುತ್ತವೆ, ಕಾಗದದ ಮೇಲೆ ಎಣ್ಣೆಯ ಕಲೆ ಮೂಡಿರುತ್ತದೆ, ಬಿಚ್ಚಿದಾಗ ಹೊರಪದರ ಒಳಭಾಗಕ್ಕಿಂತ ಗಾಢ ಹಳದಿಯಾಗಿರುತ್ತದೆ.

ಆದುದರಿಂದ ದಾರಿಯಲ್ಲಿ ತಂಪು ತಪ್ಪಿದರೆ ಮೊಸರು ರುಚಿ ಕೆಡುತ್ತದೆ, ಬೆಣ್ಣೆ ಆಕಾರ ಕೆಡುತ್ತದೆ, ಪನೀರ್ ಆರೋಗ್ಯವನ್ನೇ ಕೆಡಿಸಬಹುದು. ಚಿಂತೆಯನ್ನು ಈ ಪ್ರಮಾಣದಲ್ಲೇ ಹಂಚಬೇಕು.

ದಾದರಿನಿಂದ ದೊಂಬಿವಲಿಯವರೆಗೆ

ಮೇ ತಿಂಗಳ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳೋಣ. ದಾದರಿನ ಕಚೇರಿಯಿಂದ ಹೊರಟ ಗೃಹಿಣಿಯೊಬ್ಬರು ಆರೂಕಾಲಕ್ಕೆ ಸ್ಟೇಶನ್ನಿನ ಬಳಿ ಪನೀರ್ ಕೊಳ್ಳುತ್ತಾರೆ. ನಂತರ ತರಕಾರಿ, ಹೂವು. ಆರೂಮುಕ್ಕಾಲಿಗೆ ಗಾಡಿ ಹತ್ತಿದರೆ ದೊಂಬಿವಲಿ ತಲಪುವಾಗ ಏಳೂಮುಕ್ಕಾಲು. ರಿಕ್ಷಾದ ಸಾಲಿನಲ್ಲಿ ನಿಂತು ಮನೆ ಸೇರಿ, ಚೀಲ ಬಿಚ್ಚಿ ಪನೀರನ್ನು ಫ್ರಿಜ್ಜಿಗೆ ಇಡುವ ಹೊತ್ತಿಗೆ ಎಂಟೂಕಾಲು. ಎರಡು ಗಂಟೆ ಕಳೆಯಿತು.

ಬೆಚ್ಚಗಿನ ವಾತಾವರಣದಲ್ಲಿ ಅನುಕೂಲ ಒದಗಿದ ಬ್ಯಾಕ್ಟೀರಿಯಗಳು ಅರ್ಧ ಗಂಟೆಯಲ್ಲಿ ಇಮ್ಮಡಿಯಾಗಬಲ್ಲವು. ಎರಡು ಗಂಟೆಗೆ ನಾಲ್ಕು ಸಲ ಇಮ್ಮಡಿಯಾದರೆ ನೂರು ಇದ್ದದ್ದು ಸಾವಿರದ ಆರುನೂರು ಆಗುತ್ತದೆ. ತಣ್ಣಗಿದ್ದ ಪನೀರ್ ಬೆಚ್ಚಗಾಗಲು ಸ್ವಲ್ಪ ಕಾಲ ಹಿಡಿಯುವುದರಿಂದ ವಾಸ್ತವದಲ್ಲಿ ವೃದ್ಧಿ ಇಷ್ಟಿರದು. ಆದರೆ ಅಂಗಡಿಯಲ್ಲೇ ಅದು ಬೆಚ್ಚಗಿದ್ದಿದ್ದರೆ ಈ ರಿಯಾಯಿತಿಯೂ ಇಲ್ಲ. ಮುಖ್ಯವಾದ ಸಂಗತಿ ಮತ್ತೊಂದು. ಫ್ರಿಜ್ಜಿಗೆ ಇಟ್ಟ ಮೇಲೆ ವೃದ್ಧಿ ನಿಧಾನವಾಗುತ್ತದೆ, ಆದರೆ ಆಗಲೇ ಆದ ಸಾವಿರದ ಆರುನೂರು ಮತ್ತೆ ನೂರಕ್ಕೆ ಇಳಿಯುವುದಿಲ್ಲ. ತಪ್ಪಿದ ತಂಪನ್ನು ಹಿಂದಿರುಗಿ ತುಂಬಿಕೊಡಲು ಬರುವುದಿಲ್ಲ. ಸಾಮಾನ್ಯವಾಗಿ ಇಂಥ ಪದಾರ್ಥ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು, 32 ಡಿಗ್ರಿಗಿಂತ ಸೆಖೆಯಿದ್ದರೆ ಒಂದು ಗಂಟೆಗಿಂತ ಹೆಚ್ಚು ಇರಬಾರದು ಎಂಬ ನಿಯಮವನ್ನು ಪಾಲಿಸುತ್ತಾರೆ.

ಚೆನ್ನಾಗಿ ಕುದಿಸಿದರೆ ಸಾಲದೇ ಎಂದು ಕೇಳಬಹುದು. ಕುದಿಸಿದರೆ ಬ್ಯಾಕ್ಟೀರಿಯಗಳು ಸಾಯುತ್ತವೆ, ನಿಜ. ಆದರೆ ಕೈಯಿಂದ ಬರುವ ಸ್ಟೆಫಿಲೊಕಾಕಸ್ ಎಂಬ ಜಾತಿ ಬೆಳೆದು ವಿಷವನ್ನು ಬಿಟ್ಟಿದ್ದರೆ ಆ ವಿಷ ಕುದಿತಕ್ಕೆ ನಾಶವಾಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಹೊಟ್ಟೆನೋವು ಬರುವುದು ಇದರಿಂದಲೇ.

ಆ ಗೃಹಿಣಿ ಅದೇ ಪನೀರನ್ನು ದೊಂಬಿವಲಿಯಲ್ಲಿ, ಎಲ್ಲ ಕೊಳ್ಳುವಿಕೆ ಮುಗಿದ ಮೇಲೆ ಕಟ್ಟಕಡೆಗೆ ಕೊಂಡಿದ್ದರೆ ಹೊರಗಿರುವ ಸಮಯ ಕಾಲು ಗಂಟೆಗಿಳಿಯುತ್ತಿತ್ತು. ಬೇರೆ ಯಾವ ಖರ್ಚೂ ಇಲ್ಲ. ದೂರದಿಂದಲೇ ತರಬೇಕಾದಾಗ ಹಿಂದಿನ ರಾತ್ರಿ ಗಟ್ಟಿಯಾಗಿಸಿದ ನೀರಿನ ಬಾಟಲಿಯೊಂದನ್ನು ದಪ್ಪ ಚೀಲದಲ್ಲಿ ಒಯ್ದು, ಕಚೇರಿಯ ಫ್ರಿಜ್ಜಿನಲ್ಲಿಟ್ಟಿದ್ದು, ಪನೀರಿಗೆ ಒತ್ತಿ ಇಟ್ಟರೆ ಸಾಕಷ್ಟು ರಕ್ಷಣೆ ದೊರೆಯುತ್ತದೆ.

ಅಂಗಡಿಯನ್ನು ಆರಿಸುವಾಗಲೂ ಕಣ್ಣಿಗೆ ಕೆಲಸ ಕೊಡಬೇಕು. ಮೇಲೆ ತೆರೆದ ತಣ್ಣನೆಯ ಪೆಟ್ಟಿಗೆಗಳಲ್ಲಿ ಎಷ್ಟರವರೆಗೆ ತುಂಬಬೇಕೆಂದು ಗೆರೆ ಹಾಕಿರುತ್ತಾರೆ. ಆ ಗೆರೆಗಿಂತ ಮೇಲೆ ರಾಶಿ ಹಾಕಿದ ಪೊಟ್ಟಣಗಳಿಗೆ ತಂಪು ತಲಪುವುದಿಲ್ಲ. ಕೆಲವರು ರಾತ್ರಿ ವಿದ್ಯುತ್ ಉಳಿಸಲು ಪೆಟ್ಟಿಗೆಯನ್ನು ಆರಿಸುವುದುಂಟು. ಬೆಳಗಿನ ಮೊದಲ ಗಿರಾಕಿಗೆ ಬೆಣ್ಣೆ ಮೆತ್ತಗಿದ್ದು ಸಂಜೆ ಕಲ್ಲಿನಂತಿದ್ದರೆ ಇದನ್ನು ಊಹಿಸಬಹುದು. ಬೆಣ್ಣೆಯ ಅಂಚುಗಳು ಆ ಅಂಗಡಿಯ ಚರಿತ್ರೆಯನ್ನು ಹೇಳುತ್ತವೆ. ಅಲ್ಲಿನ ಬೆಣ್ಣೆ ಕರಗಿ ಗಟ್ಟಿಯಾದದ್ದೆಂದು ಕಂಡರೆ ಅದೇ ಪೆಟ್ಟಿಗೆಯ ಪನೀರನ್ನು ಮುಟ್ಟಬಾರದು. ಪೊಟ್ಟಣದ ಮೇಲಿನ ತಾರೀಖು ಸರಿಯಿದ್ದರೂ ಈ ಮಾತಿಗೆ ವಿನಾಯಿತಿ ಇಲ್ಲ. ಆ ತಾರೀಖನ್ನು ಲೆಕ್ಕ ಹಾಕಿರುವುದು ಪದಾರ್ಥ ಉದ್ದಕ್ಕೂ ತಂಪಾಗಿತ್ತೆಂಬ ಆಧಾರದ ಮೇಲೆ.

ಮನೆಯ ಫ್ರಿಜ್ಜಿನಲ್ಲಿ

ಫ್ರಿಜ್ಜಿನ ಗುಂಡಿಯ ಮೇಲಿನ ಅಂಕಿ ಉಷ್ಣಮಾನವನ್ನು ತಿಳಿಸುವುದಿಲ್ಲ. ಔಷಧಿ ಅಂಗಡಿಗಳಲ್ಲಿ ದೊರೆಯುವ ಸಾಧಾರಣ ಫ್ರಿಜ್ ಥರ್ಮಾಮೀಟರನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ, ನಡುವಿನ ಅರೆಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಗ್ಗೆ ಬಾಗಿಲು ತೆರೆದ ತಕ್ಷಣ ಓದಿರಿ. 5 ಡಿಗ್ರಿಗಿಂತ ಮೇಲಿದ್ದರೆ ಗುಂಡಿಯನ್ನು ತಿರುಗಿಸಬೇಕು ಅಥವಾ ಒಳಗಿನ ಜನಸಂದಣಿಯನ್ನು ಕಡಿಮೆ ಮಾಡಬೇಕು. ಬಾಗಿಲಿನ ಅರೆ ಎಲ್ಲಕ್ಕಿಂತ ಬೆಚ್ಚಗಿನ ಜಾಗ. ಅಲ್ಲಿ ಬೆಣ್ಣೆ ಇರಬಹುದು, ಪನೀರ್ ಇರಬಾರದು. ಪನೀರಿಗೆ ಹಿಂಬದಿಯ ಮೂಲೆಯೇ ಯೋಗ್ಯ.

ಪೊಟ್ಟಣ ಒಡೆದ ಪನೀರನ್ನು ಕಾಯಿಸಿ ಆರಿಸಿ ತಣ್ಣಗಾಗಿಸಿದ ನೀರಿನಲ್ಲಿ ಮುಳುಗಿಸಿ, ಮುಚ್ಚಿ, ಪ್ರತಿದಿನ ನೀರು ಬದಲಿಸುತ್ತ ಎರಡು ಮೂರು ದಿನಗಳೊಳಗೆ ಮುಗಿಸಬೇಕು. ಅಷ್ಟರಲ್ಲಿ ಮುಗಿಯದೆನಿಸಿದರೆ ತುಂಡು ಮಾಡಿ ಕೂಡಲೇ ಮೇಲಿನ ಹಿಮದ ಪೆಟ್ಟಿಗೆಯಲ್ಲಿಡಬಹುದು. ಅದು ಸ್ವಲ್ಪ ಪುಡಿಪುಡಿಯಾಗುತ್ತದೆ, ಸಾರಿನಂಥ ಮೇಲೋಗರಕ್ಕೆ ಅಡ್ಡಿಯಿಲ್ಲ. ಬೆಣ್ಣೆ ಹಿಮದ ಪೆಟ್ಟಿಗೆಯಲ್ಲಿ ಚೆನ್ನಾಗಿ ಬಾಳುತ್ತದೆ. ಮೊಸರನ್ನು ಮಾತ್ರ ಅಲ್ಲಿಡಬಾರದು, ಒಡೆದು ನೀರಾಗುತ್ತದೆ. ವಿದ್ಯುತ್ ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ತಂಪು ಸುಮಾರು ನಾಲ್ಕು ಗಂಟೆ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ಮೊದಲು ಕೈಬಿಡಬೇಕಾದುದು ಪನೀರನ್ನು.

ಗರ್ಭಿಣಿಯರು, ವೃದ್ಧರು ಮತ್ತು ದೇಹದ ನಿರೋಧಶಕ್ತಿ ಕುಂದಿದವರು ಇನ್ನೊಂದು ಎಚ್ಚರ ವಹಿಸಬೇಕು. ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯ ಫ್ರಿಜ್ಜಿನ ತಂಪಿನಲ್ಲೂ ನಿಧಾನವಾಗಿ ಬೆಳೆಯಬಲ್ಲದು. ಅಂಥವರಿಗೆ ಹಸಿ ಪನೀರನ್ನು ಕೊಡದೆ, ಒಳಗಿನವರೆಗೂ ಹಬೆಯಾಡುವಂತೆ ಬೇಯಿಸಿ ಬಿಸಿಯಾಗಿಯೇ ಬಡಿಸುವುದು ಕ್ಷೇಮ. ಪನೀರನ್ನು ಮನೆಯಲ್ಲೇ ಮಾಡಿ ಅಂದೇ ಮುಗಿಸಿದರೆ ಇನ್ನೂ ಲೇಸು. ಒಂದು ಲೀಟರು ಫುಲ್ ಕ್ರೀಮ್ ಹಾಲಿನಿಂದ ಸುಮಾರು 200 ಗ್ರಾಂ ಪನೀರ್ ದೊರೆಯುತ್ತದೆ. ನಾಲ್ಕು ಜನರ ಒಂದು ಹೊತ್ತಿನ ಊಟಕ್ಕೆ ಅಷ್ಟು ಸಾಕು.